ಪರೀಕ್ಷೆಗೆ ಮುಂಚಿನ ಮೂರು ದಿನ ರಜೆ: ಮ್ಯಾನೇಜರ್ ಹತ್ತಿರ ಹೇಗೆ ಕೇಳಬೇಕು?

ಪ್ರಶ್ನೆ: ಮೈಸೂರಿನ ಒಂದು ಐಟಿ ಕಂಪನಿಯಲ್ಲಿ ಅಪ್ಲಿಕೇಶನ್ ಸಪೋರ್ಟ್ ಟೀಮಿನಲ್ಲಿದ್ದೇನೆ. ಬರುವ ತಿಂಗಳು 22, ಶನಿವಾರ ಎಡಬ್ಲ್ಯುಎಸ್ ಸಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆ ಬುಕ್ ಮಾಡಿದ್ದೇನೆ. ದುಡ್ಡು ನನ್ನದೇ. ಅದರ ಹಿಂದಿನ ಸೋಮವಾರದಿಂದ ಶುಕ್ರವಾರದವರೆಗೆ ರಜೆ ಬೇಕು. ಆದರೆ ಆ ವಾರ ಆನ್-ಕಾಲ್ ನನ್ನದೇ. ಟೀಮಿನಲ್ಲಿ ಐದೇ ಜನ, ಅದರಲ್ಲಿ ಒಬ್ಬರು ಗುರುವಾರ, ಶುಕ್ರವಾರ ತಂಗಿ ಮದುವೆಗೆ ಹೋಗುತ್ತಾರೆ. ಕ್ಯಾಂಟೀನಿನಲ್ಲಿ ಮ್ಯಾನೇಜರ್‌ಗೆ ಹೇಳಿದೆ, 'ನೋಡೋಣ' ಅಂದರು. ಮೇಲ್‌ನಲ್ಲಿ ಏನು ಬರೆಯಬೇಕು? 'ಜ್ವರ ಅಂತ ಹೇಳಿಬಿಡು' ಅನ್ನುತ್ತಾನೆ ಗೆಳೆಯ. ಇಎಲ್ ಒಂಬತ್ತು, ಸಿಎಲ್ ಮೂರು ಉಳಿದಿವೆ.

ಉತ್ತರ: ಮೇಲ್ ಬರೆಯುವ ಮುಂಚೆ ನೀವು ಮಾಡಬೇಕಾದ ಕೆಲಸ ಒಂದಿದೆ. ಆ ವಾರದ ಆನ್-ಕಾಲ್ ಫೋನ್ ಯಾರ ಕೈಯಲ್ಲಿರುತ್ತದೆ ಅನ್ನುವುದನ್ನು ಇತ್ಯರ್ಥ ಮಾಡಿಕೊಳ್ಳಿ. ನಿಮ್ಮ ಮ್ಯಾನೇಜರ್ 'ನೋಡೋಣ' ಅಂದಿದ್ದು ಪರೀಕ್ಷೆಯ ಬಗ್ಗೆ ಅಲ್ಲ. ಪರೀಕ್ಷೆ ಬರೆಯಬೇಡಿ ಎಂದು ಯಾವ ಮ್ಯಾನೇಜರೂ ಹೇಳುವುದಿಲ್ಲ. ಗುರುವಾರ ರಾತ್ರಿ ಎರಡು ಗಂಟೆಗೆ ಸರ್ವರ್ ನಿಂತುಹೋದರೆ ಯಾರು ಏಳುತ್ತಾರೆ ಎಂಬ ಪ್ರಶ್ನೆ ಅವರ ತಲೆಗೆ ಬಂದಿರುತ್ತದೆ. ಕಾಫಿ ಕಪ್ ಹಿಡಿದು ನಿಂತಾಗ ಅದಕ್ಕೆ ಉತ್ತರ ಇರಲಿಲ್ಲ, ಹಾಗಾಗಿ ನೋಡೋಣ ಅಂದರು.

ಸಪೋರ್ಟ್ ಟೀಮುಗಳಲ್ಲಿ ರಜೆ ಮಂಜೂರು ಮಾಡುವ ಜಾಗದಲ್ಲಿ ನಾನು ತುಂಬಾ ವರ್ಷ ಕೂತಿದ್ದೇನೆ. ಬೇಗ ಒಪ್ಪಿಗೆ ಸಿಗುತ್ತಿದ್ದ ಅರ್ಜಿಗಳಲ್ಲಿ ಕಾರಣ ಒಂದೇ ಸಾಲಿನಲ್ಲಿ ಇರುತ್ತಿತ್ತು, ಬದಲಿ ವ್ಯವಸ್ಥೆ ನಾಲ್ಕು ಸಾಲು. ತಡವಾಗುತ್ತಿದ್ದ ಅರ್ಜಿಗಳಲ್ಲಿ ಇದು ಉಲ್ಟಾ.

ಮೊದಲು ದಿನಗಳ ವಿಷಯ ಮಾತಾಡೋಣ. ನಿಮಗೆ ಐದು ದಿನ ಬೇಕಿಲ್ಲ. ಬುಧವಾರ, ಗುರುವಾರ, ಶುಕ್ರವಾರ ಸಾಕು. ಮ್ಯಾನೇಜರ್‌ಗೆ ಅನುಕೂಲವಾಗಲಿ ಎಂದು ಹೇಳುತ್ತಿಲ್ಲ, ಈ ಪರೀಕ್ಷೆಯ ಲೆಕ್ಕವೇ ಹಾಗಿದೆ. 65 ಪ್ರಶ್ನೆ, 130 ನಿಮಿಷ. 100ರಿಂದ 1000ದವರೆಗಿನ ಅಂಕದಲ್ಲಿ 720 ಬಂದರೆ ಪಾಸು. ಪ್ರಶ್ನೆಗಳೆಲ್ಲ ಒಂದೊಂದು ಸಣ್ಣ ಸನ್ನಿವೇಶ. ಒಂದು ಕಂಪನಿಗೆ ಇಂಥ ತೊಂದರೆ ಇದೆ, ಕಡಿಮೆ ಖರ್ಚಿನಲ್ಲಿ ಏನು ಮಾಡಬೇಕು ಎಂದು ಕೇಳುತ್ತಾರೆ. ನಾಲ್ಕು ಉತ್ತರಗಳಲ್ಲಿ ಎರಡು ಸರಿಯೇ ಇದ್ದಂತೆ ಕಾಣುತ್ತವೆ. ಪ್ರಶ್ನೆಯಲ್ಲಿರುವ ಒಂದು ಮಾತು, ಉದಾಹರಣೆಗೆ ಖರ್ಚು ಅಥವಾ ವೇಗ, ಇವೆರಡನ್ನು ಬೇರೆ ಮಾಡುತ್ತದೆ. ಕೊನೆಯ ವಾರದಲ್ಲಿ ಹೊಸದಾಗಿ ಓದಿದ್ದು ಇಂಥ ಪ್ರಶ್ನೆಗೆ ಒದಗುವುದು ಕಮ್ಮಿ. ಒದಗುವುದು ಟೈಮ್ ಇಟ್ಟುಕೊಂಡು ಪೂರ್ತಿ ಮಾದರಿ ಪರೀಕ್ಷೆ ಬರೆದು, ತಪ್ಪಾದದ್ದನ್ನು ಒಂದೊಂದಾಗಿ ಬಿಡಿಸಿ ನೋಡುವ ಅಭ್ಯಾಸ.

ಅದಕ್ಕೆ ಎಷ್ಟು ಹೊತ್ತು ಬೇಕು ನೋಡಿ. ಪರೀಕ್ಷೆಗೆ ಎರಡು ಗಂಟೆ ಹತ್ತು ನಿಮಿಷ. ತಪ್ಪಾದ ಮತ್ತು ಊಹೆಯ ಮೇಲೆ ಸರಿಯಾದ ಪ್ರಶ್ನೆಗಳನ್ನು ತಿರುಗಿ ನೋಡುವುದಕ್ಕೆ ಸುಮಾರು ಅದರ ಎರಡು ಪಟ್ಟು. ಊಟ, ವಿಶ್ರಾಂತಿ ಸೇರಿದರೆ ಒಂದು ದಿನ ಆಗಿಹೋಯಿತು. ಹಾಗಾಗಿ ಬುಧವಾರ ಒಂದು ಪೂರ್ತಿ ಮಾದರಿ ಪರೀಕ್ಷೆ. ಗುರುವಾರ ಅದರಲ್ಲಿ ಸೋತ ವಿಭಾಗ ಮಾತ್ರ. ಶುಕ್ರವಾರ ಬೆಳಗ್ಗೆ ಇನ್ನೊಂದು ಮಾದರಿ ಪರೀಕ್ಷೆ, ಮಧ್ಯಾಹ್ನ ನಿಮ್ಮ ಟಿಪ್ಪಣಿ, ಸಂಜೆ ಪುಸ್ತಕ ಮುಚ್ಚುವುದು. ಈ ಪರೀಕ್ಷೆಯಲ್ಲಿ ನಾಲ್ಕು ವಿಭಾಗ ಇವೆ. ಭದ್ರತೆಯದ್ದು ಎಲ್ಲಕ್ಕಿಂತ ದೊಡ್ಡದು, ಶೇಕಡಾ 30. ಖರ್ಚಿನದ್ದು ಚಿಕ್ಕದು, ಶೇಕಡಾ 20. ಗುರುವಾರ ಯಾವುದರ ಮೇಲೆ ಕೂರಬೇಕು ಎಂದು ಅನುಮಾನ ಬಂದರೆ ಈ ತೂಕ ನೋಡಿ.

ಸೋಮವಾರ, ಮಂಗಳವಾರ ಆಫೀಸಿಗೆ ಹೋಗಿ. ಆ ಎರಡು ದಿನ ಕೆಲಸ ಒಪ್ಪಿಸುವುದಕ್ಕೆ ಬೇಕೇ ಬೇಕು, ಅದನ್ನು ಮುಂದೆ ಹೇಳುತ್ತೇನೆ. ಐದು ದಿನ ಒಟ್ಟಿಗೆ ರಜೆ ತೆಗೆದುಕೊಂಡರೆ ಮೊದಲ ಎರಡು ದಿನ ಎಲ್ಲಿ ಹೋಗುತ್ತವೆ ಎಂದು ನಿಮಗೂ ಗೊತ್ತು. ರಜೆಯಲ್ಲಿದ್ದೀರಿ ಎಂದು ಮನೆಯಲ್ಲಿ ಗೊತ್ತಾದ ಕೂಡಲೇ ಗ್ಯಾಸ್ ಸಿಲಿಂಡರ್, ಬ್ಯಾಂಕಿನ ಕೆಲಸ, ದೇವರಾಜ ಮಾರ್ಕೆಟ್ ಎಲ್ಲವೂ ನಿಮ್ಮ ಪಾಲಿಗೆ ಬರುತ್ತವೆ. ಮೂರು ದಿನ ಅಂದರೆ ಮನೆಯವರಿಗೂ 'ಈ ಮೂರು ದಿನ ನಾನು ಇಲ್ಲ ಅಂದುಕೊಳ್ಳಿ' ಎಂದು ಹೇಳುವುದು ಸುಲಭ.

ಇನ್ನೊಂದು ಕೆಲಸ ರಜೆ ಇಲ್ಲದೆಯೇ ಆಗುತ್ತದೆ. ಬರುವ ತಿಂಗಳ 2ನೇ ತಾರೀಖು ಭಾನುವಾರ. ಅವತ್ತೇ ಒಂದು ಪೂರ್ತಿ ಮಾದರಿ ಪರೀಕ್ಷೆ ಬರೆಯಿರಿ, ಫೋನ್ ಬೇರೆ ಕೋಣೆಯಲ್ಲಿಟ್ಟು, ಗಡಿಯಾರ ಇಟ್ಟುಕೊಂಡು. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಸರಿ ಬಂದರೆ 22ಕ್ಕೆ ಹೋಗಬಹುದು. ಅರ್ಧದ ಆಸುಪಾಸಿನಲ್ಲಿದ್ದರೆ ಮೂರು ದಿನ ರಜೆ ಅದನ್ನು ಸರಿ ಮಾಡುವುದಿಲ್ಲ, ಐದು ದಿನವೂ ಮಾಡುವುದಿಲ್ಲ. ಆಗ ಪರೀಕ್ಷೆಯ ದಿನವನ್ನೇ ಮುಂದಕ್ಕೆ ಹಾಕಿ, ಅದಕ್ಕೆ ತಕ್ಕಂತೆ ರಜೆಯ ತಾರೀಖನ್ನೂ ಬದಲಿಸಿ. ಮ್ಯಾನೇಜರ್‌ಗೆ ಮೂರು ವಾರ ಮುಂಚೆ ಹೀಗೆ ಹೇಳಿದರೆ ಯಾರಿಗೂ ಬೇಜಾರಿಲ್ಲ. ಹಿಂದಿನ ದಿನ ಹೇಳಿದರೆ, ನಿಮಗಾಗಿ ಪಾಳಿ ಬದಲಿಸಿಕೊಂಡವರಿಗೆ ಮುಖ ತೋರಿಸುವುದು ಕಷ್ಟ.

ಈಗ ಆನ್-ಕಾಲ್. ನಿಮ್ಮ ವಾರ 17ರ ಸೋಮವಾರದಿಂದ 23ರ ಭಾನುವಾರದವರೆಗೆ ಅಂತ ಇಟ್ಟುಕೊಳ್ಳೋಣ. ಇದನ್ನು ಹಿಂದಿನ ವಾರದವರ ಜೊತೆ ಬದಲಿಸಿಕೊಳ್ಳಬಹುದು, ಮುಂದಿನ ವಾರದವರ ಜೊತೆಯೂ ಬದಲಿಸಿಕೊಳ್ಳಬಹುದು. ಸಾಮಾನ್ಯವಾಗಿ ಎಲ್ಲರೂ ಹಿಂದಿನ ವಾರವನ್ನೇ ಆರಿಸಿಕೊಳ್ಳುತ್ತಾರೆ, 'ಮೊದಲೇ ಮುಗಿಸಿಬಿಡುತ್ತೇನೆ' ಎಂದು. ನೀವು ಹಾಗೆ ಮಾಡಬೇಡಿ. ಆನ್-ಕಾಲ್ ವಾರದಲ್ಲಿ ಒಂದೆರಡು ರಾತ್ರಿ ನಿದ್ದೆ ಕೆಟ್ಟರೆ ಆ ವಾರದ ಓದು ಪೂರ್ತಿ ಹಾಳಾಗುತ್ತದೆ. ಪರೀಕ್ಷೆಗೆ ಎರಡು ವಾರ ಇರುವಾಗಿನ ಸಂಜೆಗಳು ನಿಮಗೆ ತುಂಬಾ ಬೆಲೆಯವು. ಮುಂದಿನ ವಾರ, ಅಂದರೆ 24ರಿಂದ 30, ನೀವು ತೆಗೆದುಕೊಳ್ಳಿ. ಪರೀಕ್ಷೆ ಮುಗಿದಿರುತ್ತದೆ.

ಆ ವಾರ ಯಾರ ಪಾಳಿ ಇದೆ ನೋಡಿ. ಆಷಾಢ ಮುಗಿದು ಶ್ರಾವಣ ಬಂತೆಂದರೆ ಮೈಸೂರು, ಮಂಡ್ಯದ ಕಡೆ ಮದುವೆ, ಗೃಹಪ್ರವೇಶ, ವರಮಹಾಲಕ್ಷ್ಮಿ ಹಬ್ಬ ಎಲ್ಲ ಸಾಲಾಗಿ ಬರುತ್ತವೆ. ಯಾವ ಟೀಮಿನಲ್ಲೂ ಒಬ್ಬರಿಗಾದರೂ ತಮ್ಮ ಪಾಳಿ ಅಡ್ಡ ಬಂದಿರುತ್ತದೆ. ಹಬ್ಬದ ಶುಕ್ರವಾರ ಕಲಶದ ಮುಂದೆ ಕೂತಾಗ ಆನ್-ಕಾಲ್ ಫೋನ್ ಬಡಿದುಕೊಳ್ಳುವುದು ಯಾರಿಗೂ ಬೇಡ. ಅಂಥವರನ್ನು ಹುಡುಕಿ ಕೇಳಿ. ಆಗ ಅದು ಒಬ್ಬರು ಇನ್ನೊಬ್ಬರಿಗೆ ಮಾಡುವ ಉಪಕಾರ ಆಗಿ ಉಳಿಯುವುದಿಲ್ಲ, ಇಬ್ಬರಿಗೂ ಅನುಕೂಲ. ಮದುವೆಗೆ ಹೋಗುವವರನ್ನು ಮಾತ್ರ ಈ ಲೆಕ್ಕದಿಂದ ಬಿಟ್ಟುಬಿಡಿ. ಅವರ ಗುರುವಾರ, ಶುಕ್ರವಾರ ಮುಟ್ಟಬೇಡಿ. 'ಒಂದು ದಿನ ಮುಂಚೆ ಬರ್ತೀಯಾ ಮಾರಾಯಾ' ಎಂದು ಕೇಳುವುದೂ ಬೇಡ.

ಪೂರ್ತಿ ವಾರ ಬದಲಿಸಿಕೊಳ್ಳಲು ಯಾರೂ ಒಪ್ಪಲಿಲ್ಲ ಅನ್ನಿ. ಆಗ ವಾರವನ್ನು ಮುರಿಯಿರಿ. ಸೋಮವಾರ ಬೆಳಗ್ಗೆಯಿಂದ ಮಂಗಳವಾರ ರಾತ್ರಿ ಕಳೆಯುವವರೆಗೆ ನೀವು, ಬುಧವಾರ ಬೆಳಗ್ಗೆಯಿಂದ ಭಾನುವಾರ ರಾತ್ರಿವರೆಗೆ ಅವರು. ಅವರು ನಿಮಗಾಗಿ ಐದು ರಾತ್ರಿ ಕೊಟ್ಟರೆ, ಅದರಲ್ಲಿ ಶನಿವಾರ, ಭಾನುವಾರ ಎರಡೂ ಇವೆ. ವಾಪಸ್ ಕೊಡುವಾಗಲೂ ಶನಿವಾರ, ಭಾನುವಾರ ಸೇರಿಸಿಯೇ ಐದು ಕೊಡಿ. ಬರೀ ವಾರದ ದಿನ ಕೊಟ್ಟು ಸರಿಸಮ ಅಂದುಕೊಂಡರೆ ಮುಂದಿನ ಸಲ ಯಾರೂ ಒಪ್ಪುವುದಿಲ್ಲ. ಮಾತಿನಲ್ಲಿ ಒಪ್ಪಿಗೆ ಆದ ಮೇಲೆ ಪಾಳಿಯ ಪಟ್ಟಿಯಲ್ಲೂ ಬದಲಾಯಿಸಬೇಕು. ಪಟ್ಟಿಯಲ್ಲಿ ನಿಮ್ಮ ಹೆಸರೇ ಇದ್ದರೆ ಅಲರ್ಟ್ ನಿಮ್ಮ ಫೋನಿಗೇ ಬರುತ್ತದೆ, ರಜೆ ಮಂಜೂರಾಗಿದ್ದರೂ ಅಷ್ಟೆ. ಇದು ನಾನು ತುಂಬಾ ಸಲ ನೋಡಿದ ಎಡವಟ್ಟು.

ಹಗಲಿನ ಲೆಕ್ಕವೂ ನೋಡಿಕೊಳ್ಳಿ. ಬುಧವಾರ ನಾಲ್ವರು ಇರುತ್ತಾರೆ. ಗುರುವಾರ, ಶುಕ್ರವಾರ ಮೂವರು. ಮೂವರು ಸಾಕಾ ಎಂದು ನಿಮ್ಮ ಲೀಡ್ ಹತ್ತಿರ ಮೊದಲೇ ಕೇಳಿ. ಆ ಎರಡು ದಿನ ದೊಡ್ಡ ರಿಲೀಸ್ ಏನಾದರೂ ಇದೆಯಾ ಎಂದು ಚೇಂಜ್ ಕ್ಯಾಲೆಂಡರ್ ತೆಗೆದು ನೋಡಿ. ಇದ್ದರೆ ನಿಮ್ಮ ರಜೆ ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಅದನ್ನು ಮ್ಯಾನೇಜರ್ ಕಂಡುಹಿಡಿಯುವ ಮುಂಚೆ ನೀವು ಕಂಡುಹಿಡಿದಿರಬೇಕು.

ಇಷ್ಟು ಆದ ಮೇಲೆ ಮೇಲ್. ನಿಮ್ಮ ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತೀರಿ ಅಂದುಕೊಂಡಿದ್ದೇನೆ. ಯಾವ ಭಾಷೆಯಾದರೂ ಕ್ರಮ ಇದೇ ಇರಲಿ:

ವಿಷಯ: ರಜೆ ಕೋರಿಕೆ, 19ರಿಂದ 21 (ಬುಧ, ಗುರು, ಶುಕ್ರ), 3 ದಿನ ಇಎಲ್

ನಮಸ್ಕಾರ ಸರ್,

ಮೊನ್ನೆ ಹೇಳಿದ್ದ ರಜೆಯ ವಿಷಯ. ಆಗ ಐದು ದಿನ ಎಂದಿದ್ದೆ, ಈಗ ಮೂರು ದಿನ ಕೇಳುತ್ತಿದ್ದೇನೆ. 22, ಶನಿವಾರ ನನಗೆ ಎಡಬ್ಲ್ಯುಎಸ್ ಸಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆ ಇದೆ. ತಯಾರಿಗಾಗಿ 19, 20, 21 ರಜೆ ಬೇಕು. 24, ಸೋಮವಾರ ಬೆಳಗ್ಗೆ ಕೆಲಸಕ್ಕೆ ಬರುತ್ತೇನೆ.

17ರಿಂದ 23ರವರೆಗೆ ನನ್ನ ಆನ್-ಕಾಲ್ ವಾರ. ಅದನ್ನು 24ರಿಂದ 30ರ ಪಾಳಿಯವರ ಜೊತೆ ಬದಲಿಸಿಕೊಳ್ಳಲು ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ, ಈ ಮೇಲ್‌ನ ಕಾಪಿ ಅವರಿಗೂ ಹೋಗಿದೆ. ನೀವು ಒಪ್ಪಿದರೆ ಇವತ್ತೇ ಪಟ್ಟಿಯಲ್ಲಿ ಬದಲಾಯಿಸುತ್ತೇವೆ. ಗುರುವಾರ, ಶುಕ್ರವಾರ ಇನ್ನೊಬ್ಬರೂ ರಜೆಯಲ್ಲಿರುವುದರಿಂದ ಹಗಲು ಮೂವರು ಇರುತ್ತಾರೆ. ಆ ಎರಡು ದಿನ ರಿಲೀಸ್ ಇಲ್ಲ ಎಂದು ನೋಡಿಕೊಂಡಿದ್ದೇನೆ. ನನ್ನ ಟಿಕೆಟ್‌ಗಳನ್ನು 18, ಮಂಗಳವಾರ ಸಂಜೆಯೊಳಗೆ ಒಪ್ಪಿಸುತ್ತೇನೆ.

7, ಶುಕ್ರವಾರದೊಳಗೆ ತಿಳಿಸಿದರೆ ಅನುಕೂಲ. ಈ ದಿನಗಳು ಆಗುವುದಿಲ್ಲ ಎಂದಾದರೆ ಪರೀಕ್ಷೆಯ ದಿನ ಬದಲಿಸಲು ನನಗೆ ಆಗ ಸಮಯ ಇರುತ್ತದೆ.

ಇಷ್ಟೇ. ಇದರಲ್ಲಿ ಏನಿಲ್ಲ ಅನ್ನುವುದನ್ನೂ ಗಮನಿಸಿ. ಈ ಸರ್ಟಿಫಿಕೇಟ್‌ನಿಂದ ಕಂಪನಿಗೆ ಎಷ್ಟು ಲಾಭ ಎಂಬ ಪ್ಯಾರಾ ಇಲ್ಲ. ನಿಮ್ಮ ದುಡ್ಡಿನ ಮಾತಿಲ್ಲ. 'ತೊಂದರೆಗೆ ಕ್ಷಮೆ ಇರಲಿ' ಎಂದು ಮೂರು ಸಲ ಇಲ್ಲ. ಇಎಲ್ ನಿಮ್ಮ ಖಾತೆಯಲ್ಲಿರುವ ರಜೆ, ಅದಕ್ಕೆ ಕ್ಷಮೆ ಕೇಳಬೇಕಾಗಿಲ್ಲ. ಐದರಿಂದ ಮೂರಕ್ಕೆ ಇಳಿಸಿದ್ದನ್ನು ಮಾತ್ರ ಹೇಳಲೇಬೇಕು. ಕ್ಯಾಂಟೀನಿನಲ್ಲಿ ಕೇಳಿಸಿಕೊಂಡ ಐದು ದಿನವೇ ಅವರ ತಲೆಯಲ್ಲಿರುತ್ತದೆ.

ಮೇಲ್ ಕಳಿಸಿ ಕೈಕಟ್ಟಿ ಕೂರಬೇಡಿ. ಕಂಪನಿಯ ರಜೆ ಪೋರ್ಟಲ್‌ನಲ್ಲೂ ಅವತ್ತೇ ಹಾಕಿ. ಮೇಲ್‌ಗೆ 'ಆಯ್ತು' ಎಂದು ಉತ್ತರ ಬಂದರೂ ಪೋರ್ಟಲ್‌ನಲ್ಲಿ ಮಂಜೂರಾಗುವವರೆಗೆ ಅದು ರಜೆ ಅಲ್ಲ. ತಿಂಗಳ ಕೊನೆಗೆ ಸಂಬಳದ ಲೆಕ್ಕಕ್ಕೆ ಹೋಗುವುದು ಪೋರ್ಟಲ್‌ನಲ್ಲಿರುವುದು ಮಾತ್ರ.

ಆ ಕೊನೆಯ ಸಾಲು, 7ನೇ ತಾರೀಖಿನ ಮಾತು, ನನ್ನ ದೃಷ್ಟಿಯಲ್ಲಿ ಇಡೀ ಮೇಲ್‌ನ ಮುಖ್ಯ ಸಾಲು. 'ನೋಡೋಣ' ಅನ್ನುವುದಕ್ಕೆ ಒಂದು ಕೊನೆಯ ದಿನ ಹಾಕಿಕೊಡುವುದು ಅದೇ. ಎಡಬ್ಲ್ಯುಎಸ್ ಪರೀಕ್ಷೆಯ ದಿನವನ್ನು 24 ಗಂಟೆ ಮುಂಚಿನವರೆಗೆ ದಂಡ ಇಲ್ಲದೆ ಬದಲಿಸಬಹುದು, ಆದರೆ ಒಂದು ಬುಕಿಂಗನ್ನು ಎರಡು ಸಲ ಮಾತ್ರ. 24 ಗಂಟೆಯೊಳಗೆ ಬಂದರೆ ಬದಲಿಸಲು ಆಗುವುದಿಲ್ಲ, ಹೋಗದಿದ್ದರೆ ನಿಮ್ಮ 150 ಡಾಲರ್ ಹೋಯಿತು. ನಿಯಮ 24 ಗಂಟೆ ಎನ್ನುತ್ತದೆ ಎಂದು ಶುಕ್ರವಾರ ಬೆಳಗ್ಗೆವರೆಗೆ ಕಾಯುವುದು ಸರಿಯಲ್ಲ. ಅಷ್ಟರಲ್ಲಿ ಮುಂದಿನ ಶನಿವಾರಗಳ ಸ್ಲಾಟ್ ತುಂಬಿಹೋಗಿರಬಹುದು, ಪಾಳಿ ಬದಲಿಸಿಕೊಂಡವರೂ ತಮ್ಮ ಕಾರ್ಯಕ್ರಮ ಹಾಕಿಕೊಂಡಿರುತ್ತಾರೆ. ಎರಡು ವಾರ ಇರುವಾಗ ಗೊತ್ತಾದರೆ ಎಲ್ಲವೂ ಕೈಯಲ್ಲಿರುತ್ತದೆ. ಬೇರೆ ಪರೀಕ್ಷೆ ಬರೆಯುವವರು ಇದನ್ನು ಓದುತ್ತಿದ್ದರೆ ತಮ್ಮ ಪರೀಕ್ಷೆಯ ನಿಯಮ ನೋಡಿಕೊಳ್ಳಿ. ಪಿಎಂಪಿಗೆ ಕೊನೆಯ 30 ದಿನದೊಳಗೆ ದಿನ ಬದಲಿಸಿದರೆ ಶುಲ್ಕ ಬೀಳುತ್ತದೆ. ಅಂಥವರು ರಜೆಯ ಮಾತನ್ನು ಆರು ವಾರ ಮುಂಚೆಯೇ ತೆಗೆಯಬೇಕು.

5ನೇ ತಾರೀಖಿನವರೆಗೂ ಉತ್ತರ ಬರಲಿಲ್ಲ ಅಂದರೆ ಇನ್ನೊಂದು ಮೇಲ್ ಬೇಡ. ಹೋಗಿ ಮಾತಾಡಿ. 'ಸರ್, 19ರಿಂದ 21ರ ರಜೆ ಪೋರ್ಟಲ್‌ನಲ್ಲಿ ಪೆಂಡಿಂಗ್ ಇದೆ. ಯಾವುದಾದರೂ ದಿನ ಕಷ್ಟ ಆಗ್ತಿದೆಯಾ?' ಎಂದು ಕೇಳಿ. ಕೊಡುತ್ತೀರಾ ಎಂದು ಕೇಳಿದರೆ ಮತ್ತೆ ನೋಡೋಣ ಬರುತ್ತದೆ. ಯಾವ ದಿನ ಕಷ್ಟ ಎಂದು ಕೇಳಿದರೆ ಒಂದು ದಿನದ ಹೆಸರು ಬರುತ್ತದೆ. ಅಲ್ಲಿಂದ ಮಾತು ಮುಂದೆ ಹೋಗುತ್ತದೆ.

ಜ್ವರದ ಉಪಾಯ ಬೇಡ. ಸುಳ್ಳು ಹೇಳಬಾರದು ಎಂಬ ಮಾತು ಒಂದು ಕಡೆ ಇರಲಿ, ಇಲ್ಲಿ ಅದು ನಿಲ್ಲುವುದೇ ಇಲ್ಲ. ಒಂದು, ಸತತವಾಗಿ ಕೆಲವು ದಿನ ಸಿಕ್ ಲೀವ್ ಹಾಕಿದರೆ ಹೆಚ್ಚಿನ ಕಂಪನಿಗಳು ಡಾಕ್ಟರ್ ಸರ್ಟಿಫಿಕೇಟ್ ಕೇಳುತ್ತವೆ. ಎರಡು, ಪಾಸಾದ ಮೇಲೆ ನೀವು ಆ ಡಿಜಿಟಲ್ ಬ್ಯಾಡ್ಜನ್ನು ಲಿಂಕ್ಡ್‌ಇನ್‌ನಲ್ಲಿ ಹಾಕುತ್ತೀರಿ. ಅದರಲ್ಲಿ ಕೊಟ್ಟ ತಾರೀಖು ಇರುತ್ತದೆ. ಜ್ವರದ ವಾರವೂ ಅದೇ ತಾರೀಖೂ ಒಂದರ ಪಕ್ಕ ಒಂದು ಕೂತಿರುತ್ತವೆ. ಮೂರು, ನೀವು ಆನ್-ಕಾಲ್ ಇರುವ ವಾರದಲ್ಲಿ ಬುಧವಾರ ಬೆಳಗ್ಗೆ ಜ್ವರ ಅಂದರೆ ಫೋನ್ ಹಿಡಿಯುವುದು ಉಳಿದವರಲ್ಲಿ ಒಬ್ಬರು, ಯಾವ ಸಿದ್ಧತೆಯೂ ಇಲ್ಲದೆ. ಅವರಿಗೆ ನೀವು ಮಾಡುವ ಅನ್ಯಾಯ ಅದು. ನಿಮ್ಮ ಗೆಳೆಯರಿಗೂ ಇದನ್ನು ಹೇಳಿ.

ಸಿಎಲ್ಲಾ, ಇಎಲ್ಲಾ? ಇಎಲ್ ಹಾಕಿ. ಮೊದಲೇ ಗೊತ್ತಿರುವ ರಜೆಗೆ ಅದೇ ಸರಿ, ಸಿಎಲ್ ಮೂರೂ ತುರ್ತಿಗೆ ಉಳಿಯಲಿ. ಸಿಎಲ್ ಮತ್ತು ಇಎಲ್ ಸೇರಿಸಿ ಹಾಕಲು ಅನೇಕ ಕಂಪನಿಗಳು ಬಿಡುವುದಿಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ 20 ದಿನ ಕೆಲಸ ಮಾಡಿದರೆ 1 ದಿನ ಸಂಬಳ ಸಹಿತ ರಜೆ ಸೇರುತ್ತದೆ. ನಿಮ್ಮ ಒಂಬತ್ತು ದಿನ ಹಾಗೆ ದುಡಿದು ಕೂಡಿಸಿದ್ದು. ಪರೀಕ್ಷೆಗೆಂದೇ ಪ್ರತ್ಯೇಕ ರಜೆ ಆ ಕಾಯ್ದೆಯಲ್ಲಿ ಇಲ್ಲ. ಕೆಲವು ಕಂಪನಿಗಳು ತಾವಾಗಿಯೇ ಒಂದೆರಡು ದಿನ ಕಲಿಕೆಯ ರಜೆ ಕೊಡುತ್ತವೆ. ಎಚ್‌ಆರ್ ಹತ್ತಿರ ಒಂದು ಮಾತು ಕೇಳಿ ನೋಡಿ, ಕೇಳಿದರೆ ಹೋಗುವುದೇನಿಲ್ಲ. ಪರೀಕ್ಷೆ ಮುಗಿದ ಮೇಲೆ ಸೋಮವಾರವೂ ರಜೆ ಹಾಕುವ ಆಸೆ ಬೇಡ. ಎರಡು ರಜೆಯ ನಡುವೆ ಬಂದ ಶನಿವಾರ, ಭಾನುವಾರವನ್ನೂ ರಜೆಯ ಲೆಕ್ಕಕ್ಕೆ ಸೇರಿಸುವ ನಿಯಮ ಕೆಲವು ಕಡೆ ಇದೆ. ನಾಲ್ಕು ದಿನದ ಇಎಲ್ ಆರು ದಿನ ಆಗಿಬಿಡುತ್ತದೆ.

ಮ್ಯಾನೇಜರ್ ಪೂರ್ತಿ ಒಪ್ಪದೇ ಇದ್ದರೆ ಏನು ಬಿಡಬೇಕು, ಏನು ಬಿಡಬಾರದು ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ. ಬಿಡಬಹುದಾದದ್ದು ಬುಧವಾರ. ಅದನ್ನು ಅರ್ಧ ದಿನ ಮಾಡಿಕೊಳ್ಳಬಹುದು, ಅಥವಾ ಅವತ್ತಿನ ಮಾದರಿ ಪರೀಕ್ಷೆಯನ್ನು ಹಿಂದಿನ ಭಾನುವಾರ, 16ಕ್ಕೆ, ಸರಿಸಬಹುದು. ಬಿಡಬಾರದ್ದು ಶುಕ್ರವಾರ ಮತ್ತು ಆನ್-ಕಾಲ್ ಬದಲಾವಣೆ. ರಜೆ ಮೂರೂ ದಿನ ಸಿಕ್ಕಿ ರಾತ್ರಿಯ ಫೋನ್ ನಿಮ್ಮ ಹತ್ತಿರವೇ ಉಳಿದರೆ ಆ ರಜೆಯಿಂದ ಪ್ರಯೋಜನ ಇಲ್ಲ. ಎರಡೇ ದಿನ ಸಿಕ್ಕಿ ಫೋನ್ ಬೇರೆಯವರ ಹತ್ತಿರ ಹೋದರೆ ಅದೇ ವಾಸಿ. ನಾನಾದರೆ ಎರಡನೆಯದನ್ನು ಕಣ್ಣುಮುಚ್ಚಿ ಒಪ್ಪುತ್ತೇನೆ.

'ರಜೆ ಯಾಕೆ, ಮನೆಯಿಂದಲೇ ಕೆಲಸ ಮಾಡಿ, ಮಧ್ಯೆ ಓದಿಕೊಳ್ಳಿ' ಎಂಬ ಮಾತು ಬರಬಹುದು. ಪ್ರೀತಿಯಿಂದಲೇ ಹೇಳುತ್ತಾರೆ. ಒಪ್ಪಬೇಡಿ. ಅತ್ತ ಟಿಕೆಟ್ ಮುಗಿಯುವುದಿಲ್ಲ, ಇತ್ತ 130 ನಿಮಿಷ ಎಡೆಬಿಡದೆ ಕೂರಲು ಆಗುವುದಿಲ್ಲ. 'ಸರ್, ಎರಡೂ ಅರ್ಧಂಬರ್ಧ ಆಗುತ್ತೆ. ಬುಧವಾರ ಪೂರ್ತಿ ಬರ್ತೀನಿ, ಗುರುವಾರ, ಶುಕ್ರವಾರ ಪೂರ್ತಿ ರಜೆ ಕೊಡಿ' ಎಂದು ಹೇಳಿ. ಕೆಲಸವನ್ನು ಗೌರವಿಸುವ ಮ್ಯಾನೇಜರ್‌ಗೆ ಇದು ಅರ್ಥವಾಗುತ್ತದೆ.

ಸಾಫ್ ಇಲ್ಲ ಅಂದರೆ? ಜಗಳ ಬೇಡ, ಯಾವ ವಾರ ಆಗುತ್ತದೆ ಎಂದು ಅವರ ಬಾಯಿಂದಲೇ ತಾರೀಖು ಪಡೆಯಿರಿ. ಅದನ್ನು ಮೇಲ್‌ನಲ್ಲಿ ಒಂದು ಸಾಲು ಬರೆದು ಕಳಿಸಿ. ಆಮೇಲೆ ಪರೀಕ್ಷೆಯನ್ನು ಆ ವಾರದ ಶನಿವಾರಕ್ಕೆ ಸರಿಸಿ. 29ಕ್ಕೆ ಸರಿಸುವಾಗ ಹುಷಾರು, ಪಾಳಿ ಬದಲಿಸಿಕೊಂಡಿದ್ದರೆ ಆ ವಾರ ಫೋನ್ ನಿಮ್ಮದೇ.

ಇನ್ನು ಸೋಮವಾರ, ಮಂಗಳವಾರದ ಕೆಲಸ. ರಜೆ ಕೆಡುವುದು ಸಾಮಾನ್ಯವಾಗಿ ಬುಧವಾರ ಹನ್ನೊಂದು ಗಂಟೆಗೆ ಬರುವ ಒಂದು ಫೋನ್‌ನಿಂದ. 'ಸಾರಿ, ಡಿಸ್ಟರ್ಬ್ ಮಾಡ್ತಿದೀನಿ, ಆ ಸರ್ವರ್‌ಗೆ ನನಗೆ ಆಕ್ಸೆಸ್ ಇಲ್ಲ' ಎಂದು. ಹತ್ತಕ್ಕೆ ಎಂಟು ಸಲ ವಿಷಯ ಇದೇ ಇರುತ್ತದೆ. ಆಕ್ಸೆಸ್ ಕೇಳಿದ ದಿನವೇ ಸಿಗುವುದಿಲ್ಲ, ಅದಕ್ಕೂ ಒಂದು ಮಂಜೂರಾತಿ ಬೇಕು. ಆದ್ದರಿಂದ ನಿಮ್ಮ ಜಾಗದಲ್ಲಿ ನಿಲ್ಲುವವರನ್ನು ಸೋಮವಾರ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಲಾಗಿನ್‌ನಿಂದಲೇ ಎಲ್ಲ ಕಡೆ ಒಳಗೆ ಹೋಗಿ ಬರಲು ಹೇಳಿ. ನೀವು ತೋರಿಸುವುದಲ್ಲ, ಅವರು ಮಾಡಬೇಕು. ಎಲ್ಲಿ ಬಾಗಿಲು ಮುಚ್ಚಿದೆಯೋ ಅದಕ್ಕೆ ಅವತ್ತೇ ಅರ್ಜಿ ಹಾಕಿಸಿ, ಮಂಗಳವಾರ ಸಂಜೆಯೊಳಗೆ ಸಿಗುತ್ತದೆ. ನಿಮ್ಮ ಪಾಸ್‌ವರ್ಡ್ ಮಾತ್ರ ಕೊಡಬೇಡಿ, ಎಷ್ಟೇ ಆತ್ಮೀಯರಾದರೂ.

ಒಪ್ಪಿಸುವ ಟಿಪ್ಪಣಿ ಒಂದು ಪುಟ ದಾಟಬಾರದು. ಪ್ರತಿ ಟಿಕೆಟ್‌ಗೆ ಎರಡು ಸಾಲು: ಈಗ ಎಲ್ಲಿ ನಿಂತಿದೆ, ಗ್ರಾಹಕರು ಕೇಳಿದರೆ ಏನು ಹೇಳಬೇಕು. ಎರಡನೆಯ ಸಾಲನ್ನು ಎಲ್ಲರೂ ಮರೆಯುತ್ತಾರೆ. ಗ್ರಾಹಕರ ಕಡೆಯವರಿಗೆ ಏನು ಮಾತು ಕೊಟ್ಟಿದ್ದೀರಿ ಎಂಬುದು ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ, ಟಿಕೆಟ್‌ನಲ್ಲಿ ಇರುವುದಿಲ್ಲ. ಫೋನ್ ಬಗ್ಗೆಯೂ ಒಂದು ಮಾತು ಬರೆಯಿರಿ. ತೀರಾ ಅಗತ್ಯ ಬಿದ್ದರೆ ಲೀಡ್ ಒಬ್ಬರೇ ಫೋನ್ ಮಾಡುವುದು, ಬೇರೆ ಯಾರೂ ಅಲ್ಲ. 'ಏನಿದ್ರೂ ಫೋನ್ ಮಾಡಿ' ಎಂದು ಸೌಜನ್ಯಕ್ಕೆ ಹೇಳಿದರೆ ಜನ ನಿಜವಾಗಿಯೂ ಮಾಡುತ್ತಾರೆ.

ಪರೀಕ್ಷೆ ಎಲ್ಲಿ ಬರೆಯುತ್ತೀರಿ ಎಂದು ನೀವು ಹೇಳಿಲ್ಲ. ರಜೆಯ ಲೆಕ್ಕಕ್ಕೆ ಇದು ಮುಖ್ಯ. ಬೆಂಗಳೂರಿನ ಕೇಂದ್ರ ಆಗಿದ್ದು ಬೆಳಗ್ಗೆಯ ಸ್ಲಾಟ್ ಆದರೆ, ಶುಕ್ರವಾರ ಸಂಜೆಯೇ ಹೊರಡಬೇಕಾಗುತ್ತದೆ. ಆಗ ಎರಡನೇ ಮಾದರಿ ಪರೀಕ್ಷೆಯನ್ನು ಗುರುವಾರ ಸಂಜೆಗೆ ತನ್ನಿ. ಮಧ್ಯಾಹ್ನದ ಸ್ಲಾಟ್ ಸಿಕ್ಕರೆ ಶನಿವಾರ ಬೆಳಗ್ಗೆ ಹೊರಟರೂ ನಡೆಯುತ್ತದೆ. ಮನೆಯಿಂದ ಆನ್‌ಲೈನ್ ಬರೆಯುವುದಾದರೆ ಪರೀಕ್ಷೆ ಮುಗಿಯುವವರೆಗೆ ಕೋಣೆಗೆ ಯಾರೂ ಬರುವಂತಿಲ್ಲ. ಬಂದರೆ ಮೇಲ್ವಿಚಾರಕರು ಪರೀಕ್ಷೆಯನ್ನೇ ನಿಲ್ಲಿಸಬಹುದು. ಶ್ರಾವಣ ಶನಿವಾರ ನಮ್ಮ ಊರಿನಲ್ಲಿ ದೇವಸ್ಥಾನದ ಮೈಕ್ ಬೆಳಗ್ಗೆಯಿಂದಲೇ ಶುರು, ಮನೆಗೆ ಬಂದು ಹೋಗುವವರೂ ಜಾಸ್ತಿ. ನಿಮ್ಮ ಬೀದಿಯಲ್ಲಿ ಗುಡಿ ಇದ್ದರೆ ಕೇಂದ್ರಕ್ಕೆ ಹೋಗುವುದೇ ಒಳ್ಳೆಯದು. ಇನ್ನೊಂದು ವಿಷಯ, ಇಂಗ್ಲಿಷ್ ತಾಯ್ನುಡಿ ಅಲ್ಲದವರಿಗೆ ಎಡಬ್ಲ್ಯುಎಸ್ 30 ನಿಮಿಷ ಹೆಚ್ಚು ಕೊಡುತ್ತದೆ. ಅದನ್ನು ಬುಕ್ ಮಾಡುವ ಮುಂಚೆಯೇ ನಿಮ್ಮ ಖಾತೆಯಲ್ಲಿ ಕೇಳಿರಬೇಕು. ನೀವು ಈಗಾಗಲೇ ಬುಕ್ ಮಾಡಿದ್ದೀರಿ, ಕೇಳಿದ್ದಿರೋ ಇಲ್ಲವೋ ಒಮ್ಮೆ ನೋಡಿ. ಕೇಳಿಲ್ಲವಾದರೆ 24 ಗಂಟೆಯ ನಿಯಮದೊಳಗೆ ಈ ಬುಕಿಂಗ್ ರದ್ದು ಮಾಡಿ, ಸವಲತ್ತು ಪಡೆದು ಮತ್ತೆ ಬುಕ್ ಮಾಡಬಹುದು. ಮೇಲ್ ಕಳಿಸುವ ಮುಂಚೆಯೇ ಇದನ್ನು ಮುಗಿಸಿ. ಮತ್ತೆ ಬುಕ್ ಮಾಡುವಾಗ ಅದೇ ಶನಿವಾರ ಸಿಗದೇ ಹೋದರೆ ರಜೆಯ ತಾರೀಖೇ ಬದಲಾಗುತ್ತದೆ.

ಫಲಿತಾಂಶ ಸಾಮಾನ್ಯವಾಗಿ ಐದು ಕೆಲಸದ ದಿನದೊಳಗೆ ಬರುತ್ತದೆ. 24ರ ಬೆಳಗ್ಗೆ ಮ್ಯಾನೇಜರ್ ಸಿಕ್ಕಾಗ ಫಲಿತಾಂಶ ಬಂದಿಲ್ಲ ಎಂದು ಸುಮ್ನೆ ಇರಬೇಡಿ. ಬರೆದು ಬಂದೆ, ಈ ವಾರ ಗೊತ್ತಾಗುತ್ತದೆ ಎಂದು ಹೇಳಿ, ಆನ್-ಕಾಲ್ ಫೋನ್ ತೆಗೆದುಕೊಳ್ಳಿ. ಪಾಸಾಗದೇ ಇದ್ದರೆ ಮತ್ತೆ ಬರೆಯಲು 14 ದಿನ ಕಾಯಬೇಕು, ಶುಲ್ಕವನ್ನೂ ಮತ್ತೆ ಕಟ್ಟಬೇಕು. ಆ ಸಲ ಮೂರು ದಿನ ಕೇಳಬೇಡಿ. ಫಲಿತಾಂಶದ ಹಾಳೆಯಲ್ಲಿ ಯಾವ ವಿಭಾಗದಲ್ಲಿ ಹಿಂದೆ ಬಿದ್ದಿರಿ ಎಂದು ತೋರಿಸಿರುತ್ತಾರೆ. ಅದನ್ನು ಸಂಜೆಗಳಲ್ಲಿ ಓದಿ, ಪರೀಕ್ಷೆಯ ಹಿಂದಿನ ಶುಕ್ರವಾರ ಒಂದು ದಿನ ಇಎಲ್ ಹಾಕಿದರೆ ಸಾಕು.